ನಲವತ್ತರಲ್ಲಿ ನೌಕರಿ ಬಿಡುವ ಮುನ್ನ

ವೃತ್ತಿ ಬದಲಿಸಲು ಹೊರಟವರು ಹೊಸ ಸಂಬಳದಲ್ಲಿ ಮನೆ ನಡೆದೀತೇ ಎಂದು ಲೆಕ್ಕ ಹಾಕುತ್ತಾರೆ. ಆ ಸಂಬಳ ಕೈಗೆ ಬರುವವರೆಗಿನ ತಿಂಗಳುಗಳ ಲೆಕ್ಕ ಮಾತ್ರ ಬಿಟ್ಟುಹೋಗಿರುತ್ತದೆ.

ಬೆಂಗಳೂರಿನ ಒಂದು ಸಂಸಾರ ಎಂದುಕೊಳ್ಳಿ. ಗಂಡ ಸಾಫ್ಟ್‌ವೇರ್ ಕಂಪನಿಯಲ್ಲಿ 12 ವರ್ಷ ದುಡಿದ ಎಂಜಿನಿಯರ್, ಕೈಗೆ ಬರುವ ಸಂಬಳ 1,10,000 ರೂಪಾಯಿ. ಹೆಂಡತಿಯದು 40,000. ಮನೆಸಾಲದ ಕಂತು, ಇಬ್ಬರು ಮಕ್ಕಳ ಫೀಸು ಎಲ್ಲ ಸೇರಿ ತಿಂಗಳ ಖರ್ಚು 90,000. ಆತನಿಗೆ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗುವ ಆಸೆ. ಅದಕ್ಕೆ ಬಿ.ಎಡ್. ಬೇಕು; 2015ರಿಂದ ಅದು ಎರಡು ವರ್ಷದ ಕೋರ್ಸು. ತರಗತಿಯ ಹಾಜರಾತಿ, ಶಾಲೆಗಳಲ್ಲಿ ಪಾಠದ ಅಭ್ಯಾಸ ಎರಡೂ ಕಡ್ಡಾಯವಾದ್ದರಿಂದ ನೌಕರಿ ಬಿಡಲೇಬೇಕು.

ಖರ್ಚನ್ನು 80,000ಕ್ಕೆ ಇಳಿಸಿದರೂ ತಿಂಗಳಿಗೆ 40,000 ಕೊರತೆ. ಎರಡು ವರ್ಷಕ್ಕೆ 9.6 ಲಕ್ಷ. ಬಹುತೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಕೋರ್ಸು ಮುಗಿದ ಮರುದಿನವೇ ಕೆಲಸ ಸಿಗುವುದಿಲ್ಲ. ಶಾಲೆಗಳ ನೇಮಕಾತಿ ಹೆಚ್ಚಾಗಿ ಜೂನ್ ಸುತ್ತಮುತ್ತಲೇ. ಹುಡುಕಾಟಕ್ಕೆ ಆರು ತಿಂಗಳು ಹಿಡಿದರೆ ಇನ್ನೂ 2.4 ಲಕ್ಷ. ಖಾಸಗಿ ಶಾಲೆ 30,000 ಕೊಟ್ಟಿತೆನ್ನಿ, ಆಗಲೂ ತಿಂಗಳಿಗೆ 10,000 ಸಾಲದು. ಸಂಬಳ ಏರಲು ಎರಡು ವರ್ಷ ಬೇಕೆಂದರೆ ಮತ್ತೆ 2.4 ಲಕ್ಷ. ಕೋರ್ಸಿನ ಶುಲ್ಕಕ್ಕೆ ಒಂದು ಲಕ್ಷ ತೆಗೆದಿಟ್ಟರೆ ಒಟ್ಟು 15.4 ಲಕ್ಷ.

ಇದರಲ್ಲಿ ಒಂದು ಪಾಲು ಕಂಪನಿಯಿಂದಲೇ ಬರುತ್ತದೆ. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಉಂಟು: ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಮೂಲ ವೇತನ 60,000 ಇದ್ದರೆ 12 ವರ್ಷಕ್ಕೆ ಸುಮಾರು 4.15 ಲಕ್ಷ. ಉಳಿದದ್ದು 11.25 ಲಕ್ಷ. ಪಿಎಫ್ ಕಡೆ ಕಣ್ಣು ಹಾಯುವುದು ಸಹಜ, ಆದರೆ ಅದು ಮುಪ್ಪಿನ ದುಡ್ಡು. ನಲವತ್ತರಲ್ಲಿ ಖಾಲಿ ಮಾಡಿದ್ದನ್ನು ಮೇಷ್ಟ್ರ ಸಂಬಳದಲ್ಲಿ ಮತ್ತೆ ತುಂಬಿಸುವುದು ಕಷ್ಟ.

ಹಾಗಾದರೆ ಉಳಿದ ದುಡ್ಡು ಎಲ್ಲಿಂದ? ರಾಜೀನಾಮೆ ಕೊಡುವ ಮುಂಚೆಯೇ 80,000ದಲ್ಲಿ ಬದುಕಲು ಶುರು ಮಾಡಬೇಕು. ಇಬ್ಬರ ಸಂಬಳದಲ್ಲಿ ತಿಂಗಳಿಗೆ 70,000 ಉಳಿಯುತ್ತದೆ. ಸುಮಾರು 16 ತಿಂಗಳಲ್ಲಿ ಬೇಕಾದ ಮೊತ್ತ ಕೂಡುತ್ತದೆ. ಇದು ಉಳಿತಾಯವೂ ಹೌದು, ಪರೀಕ್ಷೆಯೂ ಹೌದು. ಈ ಅವಧಿಯಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಪೂರ್ತಿ ಕಟ್ಟಲಾಗದೆ ಉಳಿದರೆ 80,000 ಎಂಬ ಅಂದಾಜೇ ಸುಳ್ಳು. ಮಕ್ಕಳು ದೊಡ್ಡ ತರಗತಿಗೆ ಹೋದಂತೆ ಫೀಸು ಏರುವುದನ್ನೂ ಈಗಲೇ ಸೇರಿಸಿ. ಅಂದಾಜು ತಪ್ಪಿದ್ದು ಸಂಬಳ ಇರುವಾಗ ಗೊತ್ತಾದರೆ ನಷ್ಟವೇನಿಲ್ಲ, ಹೊರಡುವ ದಿನ ಮುಂದೆ ಹೋಗುತ್ತದೆ ಅಷ್ಟೆ.

ಇನ್ನೊಂದು ಮಾತು. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ನೌಕರಿಯೊಂದಿಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವುಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಉಳಿತಾಯ ಶುರುವಾದ ತಿಂಗಳೇ ಸ್ವಂತ ಪಾಲಿಸಿ ಮಾಡಿಸಿ, ಕಾಯುವ ಅವಧಿಯ ಅರ್ಧದ ಹತ್ತಿರದಷ್ಟಾದರೂ ಸಂಬಳ ಇರುವಾಗಲೇ ಕಳೆಯುತ್ತದೆ.