ರೇಟ್ ಕೇಳುವ ಮುನ್ನ ಅಳತೆ ಹೇಳಿ

‘ಉಪ್ಪಿನಕಾಯಿ ಬಾಟಲಿ ಕಳಿಸಲು ಗಟ್ಟಿಯಾದ ಬಾಕ್ಸ್ ಬೇಕು, ರೇಟ್ ಎಷ್ಟಾಗುತ್ತದೆ ತಿಳಿಸಿ.’ ಇಂಥ ಒಂದೇ ಸಾಲಿನ ಇಮೇಲಿಗೂ ಉತ್ತರ ಬರುತ್ತದೆ. ಒಬ್ಬರು 27 ರೂಪಾಯಿ ಅನ್ನುತ್ತಾರೆ, ಇನ್ನೊಬ್ಬರು 33. ಕಡಿಮೆ ಹೇಳಿದವರಿಗೆ ಆರ್ಡರ್ ಕೊಟ್ಟ ಮೇಲೆ ಒಳಗಿನ ಪಾರ್ಟಿಶನ್ನಿಗೆ 5 ರೂಪಾಯಿ ಬೇರೆ, ಲಾರಿ ಬಾಡಿಗೆಗೆ ಬಾಕ್ಸಿಗೆ 2 ರೂಪಾಯಿ ಬೇರೆ ಎಂದು ಗೊತ್ತಾಗುತ್ತದೆ. 33 ಹೇಳಿದವರ ದರದಲ್ಲಿ ಅವೆರಡೂ ಸೇರಿದ್ದವು. ಇಬ್ಬರೂ ಸುಳ್ಳು ಹೇಳಿಲ್ಲ. ಕೇಳಿದವರು ಬಿಟ್ಟ ಜಾಗವನ್ನು ತಮಗೆ ತೋಚಿದಂತೆ ತುಂಬಿಕೊಂಡಿದ್ದಾರೆ, ಅಷ್ಟೆ.

ಕೊಟೇಶನ್ ಕೇಳುವ ಪತ್ರ ಬರೆಯುವುದು ಈ ಖಾಲಿ ಜಾಗಗಳನ್ನು ಮುಚ್ಚುವುದಕ್ಕೆ. ನಾಲ್ಕು ಜನ ಉತ್ತರಿಸಿದರೆ ನಾಲ್ವರೂ ಒಂದೇ ವಸ್ತುವಿಗೆ ದರ ಹೇಳಿರಬೇಕು. ಆಗ ಮಾತ್ರ ಅವುಗಳಲ್ಲಿ ಹೆಚ್ಚು ಕಡಿಮೆ ನೋಡಬಹುದು.

ಶಿರಸಿ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಒಂದು ಸಣ್ಣ ಘಟಕ ಇದೆ ಎಂದುಕೊಳ್ಳಿ. ಅರ್ಧ ಕಿಲೋ ಹಿಡಿಯುವ ಗಾಜಿನ ಬಾಟಲಿ, ಒಂದು ಬಾಕ್ಸಿಗೆ ಹನ್ನೆರಡು. ಬಾಟಲಿಯ ಅಗಲ 80 ಮಿಲಿಮೀಟರ್, ಮುಚ್ಚಳ ಸೇರಿ ಎತ್ತರ 120. ಗಾಜಿನ ತೂಕವೂ ಸೇರಿ ಒಂದು ಬಾಕ್ಸಿನಲ್ಲಿ ಸುಮಾರು 9 ಕಿಲೋ ಸರಕು. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಮೂರು ಬಾಟಲಿ ಜೋಡಿಸಿ, ನಡುನಡುವೆ 3 ಮಿಲಿಮೀಟರ್ ದಪ್ಪದ ರಟ್ಟಿನ ಪಾರ್ಟಿಶನ್ ಇಟ್ಟು, ಕೈಯಾಡಲು ಸ್ವಲ್ಪ ಸಡಿಲ ಬಿಟ್ಟರೆ 340 × 255 × 125 ಮಿಲಿಮೀಟರ್ ಬಾಕ್ಸ್ ಬೇಕಾಗುತ್ತದೆ.

ಇಷ್ಟು ಬರೆದರೂ ಒಂದು ಮಾತು ಬಾಕಿ ಉಳಿಯುತ್ತದೆ. ಇದು ಒಳ ಅಳತೆಯೋ ಹೊರ ಅಳತೆಯೋ? ಐದು ಪ್ಲೈ ರಟ್ಟು ಸುಮಾರು 6 ಮಿಲಿಮೀಟರ್ ದಪ್ಪ ಇರುತ್ತದೆ. ತಯಾರಕರು 340 ಅನ್ನು ಹೊರ ಅಳತೆ ಎಂದುಕೊಂಡರೆ ಎರಡು ಕಡೆಯ ಗೋಡೆ ಕಳೆದು ಒಳಗೆ ಉಳಿಯುವುದು 328. ನಾಲ್ಕು ಬಾಟಲಿ, ಮೂರು ಪಾರ್ಟಿಶನ್ ಸೇರಿದರೆ 329. ಎತ್ತರದ ಕಥೆ ಇನ್ನೂ ಕೆಟ್ಟದ್ದು. ಮೇಲೆ ಎರಡು ಮಡಿಕೆ, ಕೆಳಗೆ ಎರಡು ಮಡಿಕೆ ರಟ್ಟು ಬರುವುದರಿಂದ ಒಳಗೆ ಸಿಗುವುದು 101 ಮಾತ್ರ. 120ರ ಬಾಟಲಿ ಇಟ್ಟರೆ ಬಾಕ್ಸ್ ಮುಚ್ಚುವುದೇ ಇಲ್ಲ. ‘ಒಳ ಅಳತೆ’ ಎಂಬ ಎರಡು ಪದ ಬಿಟ್ಟುಹೋದದ್ದಕ್ಕೆ ಎರಡು ಸಾವಿರ ಬಾಕ್ಸ್ ಮೂಲೆ ಸೇರುತ್ತವೆ. ಪತ್ರದ ಜತೆಗೆ ಒಂದು ಖಾಲಿ ಬಾಟಲಿಯನ್ನು ಕೊರಿಯರ್ ಮಾಡುವುದು ನನ್ನ ಮಟ್ಟಿಗೆ ಅತಿ ಎಚ್ಚರಿಕೆಯಲ್ಲ.

‘ಗಟ್ಟಿ’ ಎಂಬ ಮಾತಿಗೂ ಅಳತೆ ಇದೆ. ಐದು ಪ್ಲೈ ಎಂದರೆ ಮೂರು ಚಪ್ಪಟೆ ಹಾಳೆ, ಅವುಗಳ ನಡುವೆ ಎರಡು ಅಲೆಅಲೆ ಹಾಳೆ. ಪ್ರತಿ ಹಾಳೆ ಎಷ್ಟು ದಪ್ಪದ್ದು ಎಂಬುದನ್ನು ಜಿಎಸ್‌ಎಂ ಹೇಳುತ್ತದೆ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಮಿನಲ್ಲಿ. ಒತ್ತಿದರೆ ಎಷ್ಟು ತಡೆದು ಹರಿಯುತ್ತದೆ ಎಂಬುದನ್ನು ಬಿಎಫ್ ಹೇಳುತ್ತದೆ. ನಮ್ಮ ಗಾಜಿನ ಸರಕಿಗೆ ಐದೂ ಹಾಳೆ 150 ಜಿಎಸ್‌ಎಂ, 18 ಬಿಎಫ್ ಇರಲಿ ಎಂದು ಬರೆಯೋಣ. ಬರೀ ‘ಐದು ಪ್ಲೈ’ ಎಂದರೆ 120 ಜಿಎಸ್‌ಎಂ ಕಾಗದದಲ್ಲೂ ಐದು ಪ್ಲೈ ಮಾಡಿಕೊಡಬಹುದು. ನೋಡಲು ಎರಡೂ ಒಂದೇ ತರ ಇರುತ್ತವೆ, ಒಂದರ ಮೇಲೊಂದು ಆರು ಬಾಕ್ಸ್ ಪೇರಿಸಿದಾಗ ಕೆಳಗಿನದು ಕುಸಿಯುತ್ತದೆ.

ಪತ್ರ ಹೀಗಿರಬಹುದು:

ವಿಷಯ: ಕೊಟೇಶನ್ ಬೇಕು – 5 ಪ್ಲೈ ಬಾಕ್ಸ್, 2,000 – ಉತ್ತರ ಮಾರ್ಚ್ 10ರೊಳಗೆ

ಮಾನ್ಯರೇ,
ನಮ್ಮ ಉಪ್ಪಿನಕಾಯಿ ಘಟಕಕ್ಕೆ ಈ ಕೆಳಗಿನ ಬಾಕ್ಸ್ ಬೇಕಾಗಿದೆ. ದಯವಿಟ್ಟು ದರ ತಿಳಿಸಿ.
ಬಾಕ್ಸ್: ಒಳ ಅಳತೆ 340 × 255 × 125 ಮಿ.ಮೀ., 5 ಪ್ಲೈ, ಎಲ್ಲ ಹಾಳೆ 150 ಜಿಎಸ್‌ಎಂ, 18 ಬಿಎಫ್. ಹೊರಗೆ ಒಂದೇ ಬಣ್ಣದ ಪ್ರಿಂಟ್, ವಿನ್ಯಾಸ ಲಗತ್ತಿಸಿದೆ.
ಪಾರ್ಟಿಶನ್: 3 ಪ್ಲೈ, 12 ಮನೆ, ಪ್ರತಿ ಬಾಕ್ಸಿಗೆ ಒಂದು ಸೆಟ್.
ಸಂಖ್ಯೆ: 2,000. ಒಟ್ಟಿಗೆ 5,000 ಕೊಂಡರೆ ದರ ಎಷ್ಟು ಎಂಬುದನ್ನೂ ಬರೆಯಿರಿ.
ಡೆಲಿವರಿ: ಶಿರಸಿಯ ನಮ್ಮ ಘಟಕಕ್ಕೆ. ಏಪ್ರಿಲ್ 10ರೊಳಗೆ 1,000, ಮೇ 10ರೊಳಗೆ 1,000.
ಬಾಕ್ಸ್, ಪಾರ್ಟಿಶನ್, ಪ್ರಿಂಟಿನ ಬ್ಲಾಕ್, ಸಾಗಣೆ, ಜಿಎಸ್‌ಟಿ ಪ್ರತಿಯೊಂದನ್ನೂ ಬೇರೆ ಬೇರೆ ತೋರಿಸಿ. ಪಾರ್ಟಿಶನ್ ಬಿಟ್ಟು ಒಂದು ಖಾಲಿ ಬಾಕ್ಸಿನ ತೂಕ, ಹಣ ಪಾವತಿಯ ಷರತ್ತು, ದರ ಎಷ್ಟು ದಿನ ಊರ್ಜಿತ ಎಂಬುದನ್ನೂ ನಮೂದಿಸಿ.
ಉತ್ತರ ಮಾರ್ಚ್ 10ರ ಸಂಜೆ 5 ಗಂಟೆಯೊಳಗೆ ತಲುಪಲಿ. ಇದು ಆರ್ಡರ್ ಅಲ್ಲ, ದರ ವಿಚಾರಣೆ ಮಾತ್ರ.

ಎರಡು ಕಂತಿನಲ್ಲಿ ಕೇಳಿದ್ದಕ್ಕೆ ಕಾರಣ ಜಾಗ. ಬಾಕ್ಸುಗಳು ಮಡಿಸಿದ ಕಟ್ಟುಗಳಾಗಿ ಬಂದರೂ ಸಾವಿರ ಬಾಕ್ಸ್ ಇಡಲು ಒಣಗಿದ ಕೋಣೆಯ ಒಳ್ಳೆಯ ಪಾಲು ಬೇಕು. ಎರಡನೆಯ ಕಂತು ಮೇ 10ಕ್ಕೇ ಬರಲಿ ಎಂದದ್ದಕ್ಕೆ ಕಾರಣ ಮಲೆನಾಡಿನ ಮಳೆ. ರಟ್ಟು ತೇವ ಹೀರಿದರೆ ಬಲ ಕಳೆದುಕೊಳ್ಳುತ್ತದೆ, ಜೂನ್‌ನಲ್ಲಿ ಟಾರ್ಪಾಲು ಹೊದಿಸಿ ತಂದರೂ ನಂಬುವಂತಿಲ್ಲ. ‘ಬೇಗ ಬೇಕು’ ಎಂದು ಬರೆದರೆ ಇದ್ಯಾವುದೂ ತಯಾರಕರಿಗೆ ತಿಳಿಯುವುದಿಲ್ಲ.

ಉತ್ತರದ ತಾರೀಖು ಕೂಡ ಬಾಯಿಗೆ ಬಂದದ್ದಲ್ಲ. ಅದನ್ನು ಡೆಲಿವರಿಯಿಂದ ಹಿಂದಕ್ಕೆ ಎಣಿಸಬೇಕು. ಏಪ್ರಿಲ್ 10ಕ್ಕೆ ಸರಕು ಬರಬೇಕಾದರೆ ತಯಾರಿಕೆಗೂ ಸಾಗಣೆಗೂ ಎರಡು ವಾರ ಬಿಡೋಣ, ಪ್ರಿಂಟಿನ ಬ್ಲಾಕ್ ಮಾಡಿಸಿ ಸ್ಯಾಂಪಲ್ ನೋಡಿ ಒಪ್ಪಲು ಒಂದು ವಾರ ಬಿಡೋಣ. ಅಲ್ಲಿಗೆ ಮಾರ್ಚ್ 20ರ ಹೊತ್ತಿಗೆ ಆರ್ಡರ್ ಹೋಗಿರಬೇಕು. ಬಂದ ದರಗಳನ್ನು ಹೋಲಿಸಿ, ಒಂದೆರಡು ಮಾತಾಡಿ ತೀರ್ಮಾನಿಸಲು ಹತ್ತು ದಿನ. ಹಾಗಾಗಿ ಮಾರ್ಚ್ 10. ಪತ್ರ ಹೋಗುವುದು ಅದಕ್ಕಿಂತ ಒಂದು ವಾರವಾದರೂ ಮುಂಚೆ. ಎರಡೇ ದಿನ ಕೊಟ್ಟರೆ ತಯಾರಕರು ಲೆಕ್ಕ ಹಾಕುವ ಬದಲು ಅಂದಾಜು ಹೇಳುತ್ತಾರೆ, ಅಂದಾಜಿನಲ್ಲಿ ತಮಗೆ ನಷ್ಟವಾಗದಂತೆ ನಾಲ್ಕು ರೂಪಾಯಿ ಹೆಚ್ಚೇ ಸೇರಿಸುತ್ತಾರೆ.

ಪತ್ರವನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿ. ಒಬ್ಬರು ‘ಪ್ರಿಂಟ್ ಎರಡು ಬದಿಗೋ ನಾಲ್ಕು ಬದಿಗೋ’ ಎಂದು ಕೇಳಿದರೆ ಉತ್ತರವನ್ನು ಉಳಿದವರಿಗೂ ಬರೆಯಿರಿ. ಅವರು ಕೇಳದಿದ್ದರೂ ಅದೇ ಸಂಶಯ ಅವರಿಗೂ ಇರುತ್ತದೆ, ಒಬ್ಬರು ಎರಡು ಬದಿಗೆ, ಇನ್ನೊಬ್ಬರು ನಾಲ್ಕು ಬದಿಗೆ ದರ ಹಾಕಿದರೆ ಹೋಲಿಕೆ ಮತ್ತೆ ಕೆಡುತ್ತದೆ.

ಖಾಲಿ ಬಾಕ್ಸಿನ ತೂಕ ಕೇಳುವವರು ಕಡಿಮೆ. ನನಗೆ ಈ ಪತ್ರದಲ್ಲಿ ಅದೇ ಅತ್ಯಂತ ಉಪಯೋಗದ ಸಾಲು ಅನಿಸುತ್ತದೆ, ಯಾಕೆಂದರೆ ಜಿಎಸ್‌ಎಂ ಅಳೆಯುವ ಸಲಕರಣೆ ಕೊಳ್ಳುವವರ ಹತ್ತಿರ ಇರುವುದಿಲ್ಲ, ತಕ್ಕಡಿ ಇರುತ್ತದೆ. ನಮ್ಮ ಅಳತೆಯ ಬಾಕ್ಸಿಗೆ ಅರ್ಧ ಚದರ ಮೀಟರಿಗಿಂತ ತುಸು ಕಡಿಮೆ ರಟ್ಟು ಹಿಡಿಯುತ್ತದೆ. ಅಲೆಯ ಹಾಳೆ ಮಡಿಕೆ ಬೀಳುವುದರಿಂದ ಚಪ್ಪಟೆ ಹಾಳೆಗಿಂತ ಸುಮಾರು 1.4 ಪಟ್ಟು ಕಾಗದ ತಿನ್ನುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ 150 ಜಿಎಸ್‌ಎಂ ಬಾಕ್ಸ್ 410 ಗ್ರಾಂ ಆಸುಪಾಸು ತೂಗಬೇಕು, 120 ಜಿಎಸ್‌ಎಂ ಆದರೆ 330ರ ಆಸುಪಾಸು. ಲೋಡ್ ಇಳಿಸಿದಾಗ ಬೇರೆ ಬೇರೆ ಕಟ್ಟುಗಳಿಂದ ಹತ್ತು ಬಾಕ್ಸ್ ಎಳೆದು ಒಟ್ಟಿಗೆ ತೂಗಿ. ನಾಲ್ಕು ಕಿಲೋ ದಾಟದೆ ಮೂರು ಚಿಲ್ಲರೆಗೇ ಮುಳ್ಳು ನಿಂತರೆ ತಯಾರಕರಿಗೆ ಆ ಹೊತ್ತಿಗೇ ಫೋನ್ ಮಾಡಬಹುದು, ತೂಕ ಅವರದೇ ಕೊಟೇಶನ್ನಿನಲ್ಲಿದೆ. ತಕ್ಕಡಿ ಹೇಳುವುದು ಕಾಗದ ಎಷ್ಟಿದೆ ಎಂಬುದನ್ನು ಮಾತ್ರ. ಬಿಎಫ್ ತಿಳಿಯಲು ಒತ್ತಿ ಹರಿಯುವ ಯಂತ್ರ ಬೇಕು, ಅದರ ವರದಿಯನ್ನು ಸ್ಯಾಂಪಲ್ ಜತೆಗೇ ಕೇಳಿಕೊಳ್ಳಿ. ಹಾಗೆಯೇ ತೇವ ಹಿಡಿದ ರಟ್ಟು ಇರುವುದಕ್ಕಿಂತ ಹೆಚ್ಚು ತೂಗುತ್ತದೆ, ಮುಟ್ಟಿದರೆ ತಂಪು ಅನಿಸುವ ಬಾಕ್ಸುಗಳನ್ನು ಎರಡು ದಿನ ಗಾಳಿಗೆ ಹರವಿ ಆಮೇಲೆ ತೂಗಿ.