ಯೋಜನೆ ನಿಂತರೆ ನವೀಕರಣದ ಹಕ್ಕೂ ಹೋಗುತ್ತದೆಯೇ?

ಪ್ರಶ್ನೆ: ನನ್ನ ಆರೋಗ್ಯ ವಿಮೆಯ ಯೋಜನೆಯನ್ನೇ ಕಂಪನಿ ನಿಲ್ಲಿಸುತ್ತಿದೆಯಂತೆ. ಹಾಗಾದರೆ ಜೀವನಪರ್ಯಂತ ನವೀಕರಣ ಎಂದರೇನು? – ಓದುಗರು, ಭಾರತೀನಗರ

ಉತ್ತರ: ಕಂಪನಿ ಯೋಜನೆಯನ್ನು ನಿಲ್ಲಿಸಬಹುದು, ನಿಮ್ಮನ್ನು ಕೈಬಿಡುವಂತಿಲ್ಲ. ಹಿಂತೆಗೆತವನ್ನು ಮೊದಲೇ ತಿಳಿಸಿ, ತನ್ನಲ್ಲಿರುವ ಅದೇ ಬಗೆಯ ಬೇರೆ ಪಾಲಿಸಿಗೆ ವರ್ಗಾವಣೆಯಾಗುವ ಅವಕಾಶ ಕೊಡಲೇಬೇಕು. ನೀವು ಕಳೆದ ಕಾಯುವ ಅವಧಿಯೂ ಜೊತೆಗೇ ಬರುತ್ತದೆ. ನಿಮಗೆ ಸಕ್ಕರೆ ಕಾಯಿಲೆಯಿದ್ದು, ಐದು ಲಕ್ಷದ ಪಾಲಿಸಿಯಲ್ಲಿ 36 ತಿಂಗಳ ಕಾಯುವಿಕೆಯ ಪೈಕಿ 24 ಮುಗಿದಿದೆ ಎನ್ನಿ. ಹೊಸದರಲ್ಲೂ ಅವಧಿ ಅಷ್ಟೇ ಇದ್ದರೆ ಉಳಿಯುವುದು 12 ತಿಂಗಳು ಮಾತ್ರ. ಮೊತ್ತವನ್ನು ಹತ್ತು ಲಕ್ಷಕ್ಕೇರಿಸಿದರೆ, ಹೆಚ್ಚಿಸಿದ ಐದು ಲಕ್ಷಕ್ಕೆ ಮಾತ್ರ ಎಣಿಕೆ ಮೊದಲಿನಿಂದ.

ಕಂತು ದುಬಾರಿಯಾದರೆ ಈ ಹಕ್ಕಿಗೆ ಬೆಲೆಯೇನು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದುದೇ, ಹಕ್ಕು ಇರುವುದು ರಕ್ಷಣೆಯ ಮುಂದುವರಿಕೆಗೆ, ಹಳೆಯ ದರಕ್ಕಲ್ಲ. ಆದರೂ ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ, ಅವರ ವೈಯಕ್ತಿಕ ಯೋಜನೆಗಳನ್ನು ಹಿಂತೆಗೆಯುವ ಮುನ್ನ, ಕಂಪನಿ ತನ್ನೊಡನೆ ಸಮಾಲೋಚಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶಿಸಿದೆ. ನಿಜವಾದ ಅಪಾಯ ಬೇರೆಡೆಯಿದೆ: ಏಜೆಂಟರ ಮಾತು ನಂಬಿ ವರ್ಗಾವಣೆಯ ಬದಲು ಹೊಸ ಪ್ರಸ್ತಾವಕ್ಕೆ ಸಹಿ ಹಾಕುವುದು. ಹೊಸ ಪಾಲಿಸಿಯಲ್ಲಿ ಮೊದಲ ವಿಮೆಯ ದಿನಾಂಕ ಹಳೆಯದೇ ಇದೆಯೇ ನೋಡಿ. ಇಲ್ಲದಿದ್ದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ, ಅಲ್ಲಿ ಶುಲ್ಕವಿಲ್ಲ.