ವಡೆ ತಟ್ಟಿದರೆ ಹಿಟ್ಟು ಹೆಚ್ಚುವುದಿಲ್ಲ

ನಮ್ಮ ಮನೆಯ ನೆಲಮಹಡಿಯ ಮೂಲೆಕೋಣೆಗೆ ವೈಫೈ ಸರಿಯಾಗಿ ಸಿಗುತ್ತಿರಲಿಲ್ಲ. ರೂಟರ್‌ನ 2 ಡಿಬಿಐ ಕಡ್ಡಿ ಆಂಟೆನಾ ತೆಗೆದು, ಮೊಳದುದ್ದದ 8 ಡಿಬಿಐ ಕಡ್ಡಿ ಹಾಕಿದೆ. ಮೂಲೆಕೋಣೆಯಲ್ಲಿ ಮೊಬೈಲ್ ತೋರಿಸುತ್ತಿದ್ದ ಮೈನಸ್ 72 ಡಿಬಿಎಂ ಮೈನಸ್ 66ಕ್ಕೆ ಬಂತು. ಅಂದರೆ ಸಿಗ್ನಲ್ ನಾಲ್ಕು ಪಟ್ಟಾಯಿತು. ಆದರೆ ಸಂಜೆಯ ಹೊತ್ತಿಗೆ ಮಹಡಿಯಿಂದ ದೂರು ಬಂತು: ಮೇಲೆ ನೆಟ್ ನಿಧಾನವಾಗಿದೆ. ಅಲ್ಲಿ ಮೈನಸ್ 55 ಇದ್ದದ್ದು ಮೈನಸ್ 68ಕ್ಕೆ ಇಳಿದಿತ್ತು.

ರೂಟರ್ ಆಂಟೆನಾಕ್ಕೆ ಕೊಡುವುದು ಸುಮಾರು 100 ಮಿಲಿವ್ಯಾಟ್. ಕಡ್ಡಿ ಬದಲಿಸಿದರೂ ಅದು ಅಷ್ಟೇ. ಆಂಟೆನಾಕ್ಕೆ ಬ್ಯಾಟರಿಯೂ ಇಲ್ಲ, ವಿದ್ಯುತ್ ಸಂಪರ್ಕವೂ ಇಲ್ಲ. ಬಂದದ್ದನ್ನು ಹಂಚುವುದಷ್ಟೇ ಅದರ ಕೆಲಸ. ಆ ಹಂಚಿಕೆಯ ಆಕಾರ ನೋಡಬೇಕೆಂದರೆ ಉದ್ದಿನ ವಡೆಯನ್ನು ನೆನೆಯಿರಿ. ನೆಟ್ಟಗೆ ನಿಂತ ಕಡ್ಡಿ ವಡೆಯ ತೂತಿನಲ್ಲಿದೆ, ಅಲೆಗಳು ಸುತ್ತಲೂ ಹರಡಿವೆ, ಕಡ್ಡಿಯ ನೆತ್ತಿಯ ಮೇಲೆ ಹೆಚ್ಚೇನೂ ಇಲ್ಲ. 2 ಡಿಬಿಐ ವಡೆ ದಪ್ಪ. 8 ಡಿಬಿಐ ಅಂದರೆ ಅದೇ ಹಿಟ್ಟನ್ನು ಒತ್ತಿ ತೆಳ್ಳಗೆ ಅಗಲ ಮಾಡಿದ ವಡೆ. ಅದರ ದಪ್ಪ ಸುಮಾರು 15 ಡಿಗ್ರಿ, ಅಂದರೆ ಮಟ್ಟಸಕ್ಕಿಂತ ಮೇಲೆ ಏಳೂವರೆ, ಕೆಳಗೆ ಏಳೂವರೆ.

ನಮ್ಮ ಮಹಡಿಕೋಣೆ ರೂಟರ್‌ನಿಂದ 5 ಮೀಟರ್ ಪಕ್ಕಕ್ಕೆ, 3 ಮೀಟರ್ ಮೇಲಕ್ಕಿದೆ. ಕೋನ ಸುಮಾರು 31 ಡಿಗ್ರಿ. ಹಳೆಯ ಕಡ್ಡಿ ಆ ದಿಕ್ಕಿಗೂ ತನ್ನ ಗರಿಷ್ಠದ ಮೂರನೇ ಎರಡು ಪಾಲು ಕಳಿಸುತ್ತಿತ್ತು. ಹೊಸದರ ವಡೆ ಅಲ್ಲಿಗೆ ತಲುಪುವುದೇ ಇಲ್ಲ. ಗೋಡೆಗೆ ಬಡಿದು ಚದುರಿದ ಅಲೆ, ಅಂಚಿನಲ್ಲಿ ಸೋರಿದ ಅಲೆ ಮಾತ್ರ ಸಿಗುತ್ತದೆ. ಮೂಲೆಕೋಣೆ ಗಳಿಸಿದ್ದು ಮಹಡಿ ಕಳೆದುಕೊಂಡದ್ದನ್ನೇ. ನಿಜವಾಗಿ ಶಕ್ತಿ ಹೆಚ್ಚಿದ್ದರೆ ಎರಡೂ ಕಡೆ ಅಂಕಿ ಏರಬೇಕಿತ್ತು. ಪರೀಕ್ಷೆ ಇಷ್ಟೇ ಸರಳ.

ಈ ಒತ್ತುವಿಕೆಯ ಅಳತೆಗೆ ಡೈರೆಕ್ಟಿವಿಟಿ ಎನ್ನುತ್ತಾರೆ. ಅದು ಬರೀ ಆಕಾರದ ಲೆಕ್ಕ. ಕಡ್ಡಿಯೊಳಗೆ ಬಿಸಿಯಾಗಿ ಹೋದದ್ದನ್ನು ಕಳೆದು ಉಳಿದದ್ದು ಗೇನ್. ಡೈರೆಕ್ಟಿವಿಟಿ 6.3 ಇದ್ದು, ಐದರಲ್ಲೊಂದು ಪಾಲು ಬಿಸಿಯಾಗಿ ಹೋದರೆ ಗೇನ್ 5 ಮಾತ್ರ. ಹಾಗಾಗಿ ಗೇನ್ ಎಂದೂ ಡೈರೆಕ್ಟಿವಿಟಿಯನ್ನು ಮೀರದು.

ಈ ಒತ್ತುವಿಕೆ ಎಲ್ಲಿಯವರೆಗೆ ಹೋಗಬಲ್ಲದು ನೋಡಿ: ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ವ್ಯಾಸದ ಬಟ್ಟಲು ಆಂಟೆನಾ ಇದೆ. ಅಷ್ಟಗಲದ ಬಟ್ಟಲಿನ ಗೇನ್ 8.4 ಗಿಗಾಹರ್ಟ್ಸ್‌ನಲ್ಲಿ ನಲವತ್ತು ಲಕ್ಷ ಪಟ್ಟು ದಾಟುತ್ತದೆ ಎಂದು ಲೆಕ್ಕ ಹೇಳುತ್ತದೆ. ಬೆಲೆಯೂ ಅಷ್ಟೇ ದೊಡ್ಡದು: ಅದರ ನೋಟ ಹುಣ್ಣಿಮೆ ಚಂದ್ರನ ಅಗಲದ ಆರನೇ ಒಂದು ಪಾಲಿನಷ್ಟು ಕಿರಿದು. ಬಾಹ್ಯಾಕಾಶ ನೌಕೆಯನ್ನು ಹಿಂಬಾಲಿಸಿ ಅದು ತಿರುಗುತ್ತಲೇ ಇರಬೇಕು. ಕೂದಲೆಳೆ ತಪ್ಪಿದರೂ ಸದ್ದಿಲ್ಲ.

ಬೆರಳುದ್ದದ ಕಡ್ಡಿಯ ಮೇಲೆ 9 ಡಿಬಿಐ ಎಂದು ಬರೆದಿದ್ದರೆ ನಂಬಬೇಡಿ. ವೈಫೈನ 12.5 ಸೆಂಟಿಮೀಟರ್ ಅಲೆಯನ್ನು ಅಷ್ಟು ತೆಳ್ಳಗೆ ಒತ್ತಲು ಮೊಳದುದ್ದವಾದರೂ ಬೇಕು. ನಾವು ಹಳೆಯ ಕಡ್ಡಿಯನ್ನೇ ಮತ್ತೆ ಹಾಕಿ, ರೂಟರನ್ನು ಮನೆಯ ನಡುವಿಗೆ ಸರಿಸಿದೆವು.